ನಡೀತಾಳಲ್ಲ ಅಂತ ಎಂಟು ದಿನ ಬಿಟ್ಟೆವು

ಅಮ್ಮ ಬಿದ್ದದ್ದು ಭಾನುವಾರ ಸಂಜೆ. ಬಿದ್ದಳು ಅನ್ನೋದಕ್ಕಿಂತ ಜಾರಿ ಕೂತಳು ಅನ್ನಬೇಕು. ಮಂಚದ ಅಂಚಿನಲ್ಲಿ ಕೂತು, ಕೆಳಗೆ ಬಿದ್ದ ಕನ್ನಡಕ ತೆಗೆದುಕೊಳ್ಳೋಕೆ ಬಗ್ಗಿದ್ದಾಳೆ. ಹಾಸಿಗೆ ಸ್ವಲ್ಪ ಸರಿದಿದೆ. ಬಲ ಮಗ್ಗುಲಿಗೆ ದೊಪ್ಪನೆ ನೆಲದ ಮೇಲೆ ಕೂತಿದ್ದಾಳೆ. ಒಂದೂವರೆ ಅಡಿ ಎತ್ತರ ಇರಬಹುದು ಅಷ್ಟೆ. ಸದ್ದು ಕೇಳಿ ನಾನು ಓಡಿ ಬರುವಷ್ಟರಲ್ಲಿ ಮಂಚದ ಕಾಲು ಹಿಡಿದು ಅರ್ಧ ಎದ್ದಿದ್ದಳು. "ಏನೂ ಆಗಿಲ್ಲ, ಗಾಬರಿ ಮಾಡ್ಬೇಡ" ಅಂದಳು. ನಾನು ರಟ್ಟೆ ಹಿಡಿದು ಎಬ್ಬಿಸಿದೆ. ಬಾತ್‌ರೂಮಿಗೆ ತಾನೇ ನಡೆದು ಹೋಗಿ ಬಂದಳು.

ಅಮ್ಮನಿಗೆ 78. ಆ ನಾಲ್ಕು ಹೆಜ್ಜೆ ನೋಡಿ ನನಗೆ ಸಮಾಧಾನವಾಯಿತು. ಮೂಳೆ ಮುರಿದಿದ್ದರೆ ಹೆಜ್ಜೆ ಇಡೋಕೆ ಆಗುತ್ತಾ ಅಂತ ಮನಸ್ಸು ತಾನೇ ಲೆಕ್ಕ ಹಾಕಿತು. ತಮ್ಮನಿಗೆ ಫೋನ್ ಮಾಡಿದಾಗ ಅವನೂ ಮೊದಲು ಕೇಳಿದ್ದು ಅದನ್ನೇ: "ನಡೀತಾಳಾ?" ನಡೀತಾಳೆ ಅಂದೆ. "ಹಾಗಾದ್ರೆ ಸರಿ ಬಿಡು ಅಕ್ಕ" ಅಂದ. ಮುಂದಿನ ಎಂಟು ದಿನ ನಮ್ಮ ಮನೆಯವರು, ಬಂದು ಹೋದವರು, ಒಬ್ಬ ಡಾಕ್ಟರು, ಎಲ್ಲರೂ ಇದೇ ಒಂದು ಮಾತಿನ ಮೇಲೆ ನಿಂತಿದ್ದೆವು.

ಸೋಮವಾರ ಬೆಳಗ್ಗೆ ಹಾಸಿಗೆಯಿಂದ ಏಳುವಾಗ "ಸೊಂಟ ನೋವು" ಅಂದಳು. ಈ ಸೊಂಟ ಅನ್ನೋ ಮಾತು ನಮ್ಮನ್ನು ಎಷ್ಟು ದಾರಿ ತಪ್ಪಿಸಿತು ಅಂತ ಆಮೇಲೆ ಗೊತ್ತಾಯಿತು. ನಾವು ಬೆನ್ನಿನ ಕೆಳಭಾಗಕ್ಕೂ ಸೊಂಟ ಅಂತೀವಿ, ಪಕ್ಕದ ಎಲುಬಿಗೂ ಸೊಂಟ ಅಂತೀವಿ, ತೊಡೆ ಮೂಳೆ ಸೇರುವ ಕೀಲಿಗೂ ಸೊಂಟ ಅಂತೀವಿ. ಅಮ್ಮನಿಗೆ ನೋವಿದ್ದದ್ದು ನಿಜವಾಗಿ ತೊಡೆಸಂದಿಯಲ್ಲಿ. ಅದನ್ನು ಬೇರೆಯವರ ಮುಂದೆ ಕೈಯಿಟ್ಟು ತೋರಿಸೋಕೆ ಅವಳಿಗೆ ಸಂಕೋಚ. ಹಾಗಾಗಿ ಸೊಂಟ ಅಂದಳು. ಇನ್ನೂ ಕೇಳಿದರೆ "ಇಲ್ಲಿಂದ ಮಂಡಿವರೆಗೂ ಎಳೆಯುತ್ತೆ" ಅಂತ ಮಂಡಿ ಹಿಡಿದು ತೋರಿಸಿದಳು.

ಮಂಗಳವಾರ ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಾರಿನಿಂದ ಇಳಿದು ನನ್ನ ತೋಳು ಹಿಡಿದು ನಡೆದೇ ಒಳಗೆ ಹೋದಳು. ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ಹೊರಗೆ ಜನ ತುಂಬಿದ್ದರು. ಕೂತಲ್ಲೇ ಬೆನ್ನು ಒತ್ತಿ ನೋಡಿದರು, ಮಂಡಿ ಮಡಿಸಿ ನೋಡಿದರು. ಸೊಂಟಕ್ಕೊಂದು ಮಂಡಿಗೊಂದು ಎಕ್ಸ್‌ರೇ ಬರೆದರು. ಮಂಡಿಯ ಎಕ್ಸ್‌ರೇಯಲ್ಲಿ ಸವೆತ ಚೆನ್ನಾಗಿ ಕಾಣಿಸಿತು. 78ನೇ ವಯಸ್ಸಿನಲ್ಲಿ ಯಾರ ಮಂಡಿ ಸವೆದಿರಲ್ಲ ಹೇಳಿ! ಸೊಂಟದ ರಿಪೋರ್ಟಿನಲ್ಲಿ ಮೂಳೆ ಮುರಿತ ಕಂಡುಬಂದಿಲ್ಲ, ಮೂಳೆ ಟೊಳ್ಳಾಗಿದೆ ಅಂತ ಎರಡು ಸಾಲು. "ಫ್ರಾಕ್ಚರ್ ಇಲ್ಲ. ಮಸಲ್ ಹಿಡಿದಿದೆ, ಮಂಡಿ ಸವೆತ ಬೇರೆ ಇದೆ. ಐದು ದಿನ ಮಾತ್ರೆ ತಗೊಳ್ಳಿ, ಸ್ವಲ್ಪ ಸ್ವಲ್ಪ ನಡೀತಾ ಇರಿ" ಅಂದರು. ನಾವು ಖುಷಿಯಾಗಿ ಮನೆಗೆ ಬಂದೆವು.

ಆ ಡಾಕ್ಟರ ಮೇಲೆ ನನಗೆ ಈಗ ಸಿಟ್ಟಿಲ್ಲ. ಮೊದಲು ಇತ್ತು. ಎಕ್ಸ್‌ರೇ ತೆಗೆಸಿದ್ದರು, ಅದರಲ್ಲಿ ಇರಲಿಲ್ಲ, ಇಲ್ಲ ಅಂದರು. ಆದರೆ ಮಲಗಿಸಿ ಕಾಲು ಎತ್ತಿಸಿ ನೋಡಿದ್ದರೆ, ಅಥವಾ "ನೋವು ಜಾಸ್ತಿಯಾದರೆ, ನಾಲ್ಕು ದಿನದಲ್ಲಿ ಕಡಿಮೆಯಾಗದಿದ್ದರೆ ತಿರುಗಿ ಬನ್ನಿ" ಅಂತ ಒಂದು ಮಾತು ಹೇಳಿದ್ದರೆ ಅನಿಸುತ್ತೆ. ಆ ಮಾತು ಹೇಳಿರಲಿಲ್ಲ.

ಮಾತ್ರೆ ಕೆಲಸ ಮಾಡಿತು, ಅದೇ ತೊಂದರೆ ಆಯಿತು. ನೋವು ಸ್ವಲ್ಪ ತಗ್ಗಿತು. ಅಮ್ಮ ಗೋಡೆ ಹಿಡಿದು ಓಡಾಡಿದಳು. ಡಾಕ್ಟರು ನಡೀರಿ ಅಂದಿದ್ದಾರೆ ಅಂತ ನಾನೇ ಸಂಜೆ ಹೊತ್ತು ಹಾಲಿನಲ್ಲಿ ನಾಲ್ಕು ಸುತ್ತು ನಡೆಸುತ್ತಿದ್ದೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತೆ. ಒಡೆದ ಮೂಳೆಯ ಮೇಲೆ ಹೆಜ್ಜೆ ಹೆಜ್ಜೆಗೂ ಭಾರ ಹಾಕಿಸುತ್ತಿದ್ದೆ.

ಒಂದು ನೋವನ್ನು ಮಾತ್ರೆಗೂ ಮರೆಸೋಕೆ ಆಗಲಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ "ಹ್ಞಾ" ಅಂತ ಸಣ್ಣಗೆ ಉಸಿರು ಎಳೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಮಲಗುತ್ತಿದ್ದ ನನಗೆ ಅದು ಕೇಳಿಸುತ್ತಿತ್ತು. ಉಳುಕಿನ ನೋವು ದಿನ ಕಳೆದ ಹಾಗೆ ಇಳಿಯಬೇಕು ಅಲ್ವಾ? ಇದು ಇಳಿಯುತ್ತಿರಲಿಲ್ಲ. ಮಂಗಳವಾರ ಎಷ್ಟಿತ್ತೋ ಶುಕ್ರವಾರವೂ ಅಷ್ಟೇ ಇತ್ತು.

ಶನಿವಾರ ಮಧ್ಯಾಹ್ನ ಕಂಡದ್ದು ನನ್ನನ್ನು ನಿಲ್ಲಿಸಿತು. ಅಮ್ಮ ಮಲಗೋಕೆ ಅಂತ ಮಂಚದ ಮೇಲೆ ಕೂತಳು. ಎಡಗಾಲು ಸುಮ್ನೆ ಮೇಲೆ ಬಂತು. ಬಲಗಾಲು ಬರಲಿಲ್ಲ. ಎರಡೂ ಕೈಯಿಂದ ಮಂಡಿಯ ಕೆಳಗೆ ಹಿಡಿದು, ಬೇರೆ ಯಾರದ್ದೋ ಕಾಲು ಎತ್ತಿಡುವ ಹಾಗೆ ಎತ್ತಿ ಹಾಸಿಗೆಗೆ ಹಾಕಿಕೊಂಡಳು. "ಯಾಕಮ್ಮ ಹಾಗೆ ಎತ್ತುತ್ತೀಯ?" ಅಂದೆ. "ಅದು ಏಳಲ್ಲ ಕಣೆ, ಬಿದ್ದ ದಿನದಿಂದ ಹೀಗೇ ಎತ್ಕೋತಿದೀನಿ" ಅಂದಳು. ಆರು ದಿನದಿಂದ ಅವಳು ಹೀಗೆ ಮಾಡುತ್ತಿದ್ದಳು. ನಾನು ನೋಡಿದ್ದು ಆವತ್ತು.

ಆಮೇಲೆ ಅವಳ ನಡಿಗೆಯನ್ನು ಗಮನಿಸಿದೆ. ನಡೀತಾಳಾ ಇಲ್ವಾ ಅಂತಲ್ಲ, ಹೇಗೆ ನಡೀತಾಳೆ ಅಂತ. ಎಡಗಾಲಿನ ಮೇಲೆ ಹೊತ್ತು ನಿಲ್ಲುತ್ತಿದ್ದಳು. ಬಲಗಾಲು ಸುಟ್ಟುಕೊಂಡವರ ಹಾಗೆ ನೆಲ ತಾಗಿಸಿ ತಕ್ಷಣ ಎತ್ತುತ್ತಿದ್ದಳು. ಹೆಜ್ಜೆ ಅಂಗೈಯಷ್ಟು. ತಿರುಗಬೇಕಾದರೆ ಬಲಗಾಲನ್ನು ಊರಿ ತಿರುಗುತ್ತಲೇ ಇರಲಿಲ್ಲ, ಎಡಗಾಲಿನ ಮೇಲೇ ಸಣ್ಣಗೆ ಸರಿದು ಸರಿದು ತಿರುಗುತ್ತಿದ್ದಳು. ಬೀಳುವ ಮುಂಚೆ ಏನೂ ಹಿಡಿಯದೆ ಓಡಾಡುತ್ತಿದ್ದವಳು ಇವಳು. "ನಡೀತಾಳೆ" ಅನ್ನೋ ಒಂದೇ ಪದದಲ್ಲಿ ಇಷ್ಟೆಲ್ಲ ಮುಚ್ಚಿಹೋಗಿತ್ತು.

ಸೋಮವಾರ ಮೂಳೆ ಡಾಕ್ಟರ ಹತ್ತಿರ ಹೋದೆವು. ಬೇರೆ ಆಸ್ಪತ್ರೆ. ನಾನು ಫೈಲಿನಿಂದ ಎಕ್ಸ್‌ರೇ ತೆಗೆಯೋಕೆ ಹೋದೆ. "ಅದು ಆಮೇಲೆ ನೋಡೋಣ, ಮೊದಲು ಅಮ್ಮನ್ನ ಮಲಗಿಸಿ" ಅಂದರು. "ಅಮ್ಮಾ, ಒಂದೇ ಒಂದು ಬೆರಳಲ್ಲಿ ತೋರಿಸಿ, ಎಲ್ಲಿ ಜಾಸ್ತಿ ನೋವು? ಸಂಕೋಚ ಬೇಡ." ಅಮ್ಮ ನನ್ನ ಮುಖ ನೋಡಿ, ಆಮೇಲೆ ತೊಡೆಸಂದಿಯ ಮಧ್ಯದಲ್ಲಿ ಬೆರಳಿಟ್ಟಳು. ಡಾಕ್ಟರು ತಲೆಯಾಡಿಸಿದರು. ಸೊಂಟದ ಕೀಲಿನ ನೋವು ಮುಂದುಗಡೆ ತೊಡೆಸಂದಿಯಲ್ಲಿ ಬರುತ್ತಂತೆ. ಕೆಲವರಿಗೆ ತೊಡೆಯಲ್ಲಿ, ಇನ್ನು ಕೆಲವರಿಗೆ ಬರೀ ಮಂಡಿಯಲ್ಲಿ. ಕೀಲಿಗೂ ಮಂಡಿಗೂ ಒಂದೇ ನರದ ಕವಲು ಹೋಗುವುದರಿಂದ ಮೇಲಿನ ನೋವು ಕೆಳಗೆ ತೋರುತ್ತೆ ಅಂದರು. ಮಂಗಳವಾರ ಮಂಡಿಗೆ ತೆಗೆದ ಎಕ್ಸ್‌ರೇ ನನಗೆ ನೆನಪಾಯಿತು.

ಎರಡೂ ಪಾದ ಜೋಡಿಸಿ ಉದ್ದ ನೋಡಿದರು. ಸಮ ಇತ್ತು. ಪಾದ ಹೊರಕ್ಕೂ ತಿರುಗಿರಲಿಲ್ಲ. "ಮೂಳೆ ಪೂರ್ತಿ ಮುರಿದು ಜಾಗ ಬಿಟ್ಟಿದ್ರೆ ಕಾಲು ಗಿಡ್ಡ ಆಗುತ್ತೆ, ಪಾದ ಹೊರಕ್ಕೆ ವಾಲುತ್ತೆ. ಅದನ್ನ ಯಾರು ಬೇಕಾದ್ರೂ ಹೇಳ್ತಾರೆ. ಇದು ಹಾಗಿಲ್ಲ" ಅಂದರು. ಆಮೇಲೆ ಬಲಗಾಲು ಮಡಿಸದೆ ನೆಟ್ಟಗೆ ಎತ್ತಿ ಅಂದರು. ಅಮ್ಮ ಹಲ್ಲು ಕಚ್ಚಿದಳು. ಹಿಮ್ಮಡಿ ಹಾಸಿಗೆಯಿಂದ ಬೆರಳಷ್ಟೂ ಏಳಲಿಲ್ಲ. ಕಾಲನ್ನು ಹಾಗೇ ಮಲಗಿಸಿಟ್ಟು, ಲಟ್ಟಣಿಗೆ ಉರುಳಿಸುವ ಹಾಗೆ ಮೆಲ್ಲಗೆ ಒಳಕ್ಕೆ ಉರುಳಿಸಿದರು. ಅಮ್ಮ ಅವರ ಕೈ ಹಿಡಿದುಕೊಂಡಳು. ಅಂಗೈಯಿಂದ ಹಿಮ್ಮಡಿಯನ್ನು ಮೇಲಕ್ಕೆ ಸ್ವಲ್ಪ ಒತ್ತಿದಾಗಲೂ ನೋವು ಬಂದದ್ದು ತೊಡೆಸಂದಿಯಲ್ಲೇ.

ಇನ್ನೊಂದು ಪರೀಕ್ಷೆ ಮಾಡಿದರು, ಅದು ನನಗೆ ಮರೆಯಲ್ಲ. ಸ್ಟೆತಾಸ್ಕೋಪನ್ನು ಹೊಟ್ಟೆಯ ಕೆಳಗೆ, ಎರಡು ತೊಡೆ ಸೇರುವ ಮೇಲಿನ ಎಲುಬಿನ ಮೇಲೆ ಇಟ್ಟರು. ಎಡ ಮಂಡಿಚಿಪ್ಪನ್ನು ಬೆರಳಿನಿಂದ ತಟ್ಟಿ ಕೇಳಿದರು, ಆಮೇಲೆ ಬಲ ಮಂಡಿಚಿಪ್ಪನ್ನು ತಟ್ಟಿ ಕೇಳಿದರು. "ಕೇಳ್ತೀರಾ?" ಅಂತ ನನ್ನ ಕಿವಿಗೂ ಕೊಟ್ಟರು. ಎಡಗಡೆ ಟಕ್ ಟಕ್ ಅಂತ ಸ್ಪಷ್ಟವಾಗಿತ್ತು. ಬಲಗಡೆ ಅದೇ ಸದ್ದು ಮಂಕಾಗಿ, ದಪ್ಪ ಬಟ್ಟೆ ಮುಚ್ಚಿದ ಹಾಗೆ. ಮಡಕೆ ತಟ್ಟಿ ನೋಡಿ ಕೊಳ್ಳುತ್ತೀವಲ್ಲ, ಅದೇ ಲೆಕ್ಕ. ಮೂಳೆ ಅಖಂಡವಾಗಿದ್ದರೆ ಸದ್ದು ಸಲೀಸಾಗಿ ಸಾಗುತ್ತೆ, ಬಿರುಕಿದ್ದರೆ ಅಲ್ಲಿ ಕುಗ್ಗುತ್ತೆ. ಇದನ್ನೊಂದೇ ನಂಬೋಕೆ ಆಗಲ್ಲ, ಸದ್ದು ಸಮ ಇದ್ದರೂ ಬಿರುಕಿರಬಹುದು ಅಂತಲೂ ಹೇಳಿದರು.

ಆಮೇಲೆ ಹಳೇ ಎಕ್ಸ್‌ರೇ ಬೆಳಕಿಗೆ ಹಿಡಿದರು. "ಇದರಲ್ಲಿ ನನಗೂ ಏನೂ ಕಾಣಲ್ಲ. ಆದರೆ ನೋಡಿ, ತೆಗೆಯುವಾಗ ಕಾಲು ಹೊರಕ್ಕೆ ತಿರುಗಿದೆ" ಅಂದರು. ತೊಡೆ ಮೂಳೆಯ ತುದಿಯಲ್ಲಿ ಗುಂಡು ಇರುತ್ತೆ. ಗುಂಡಿಗೂ ಕಾಂಡಕ್ಕೂ ನಡುವೆ ಓರೆಯಾದ ಒಂದು ಕತ್ತು. ಆ ಕತ್ತು ಪೂರ್ತಿ ಉದ್ದ ಕಾಣಬೇಕಾದರೆ ಪಾದವನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸಿ ತೆಗೆಯಬೇಕು. ನೋವಿರುವವರು ಒಳಕ್ಕೆ ತಿರುಗಿಸೋಕೆ ಬಿಡಲ್ಲ. ಹಾಗೇ ತೆಗೆದರೆ ಕತ್ತು ಮೊಟಕಾಗಿ ಕಾಣುತ್ತೆ. ಬಿರುಕು ಅಲ್ಲೇ ಇದ್ದರೆ ಅಡಗಿಹೋಗುತ್ತೆ.

ಅಲ್ಲಿಂದ ಅಮ್ಮನನ್ನು ನಡೆಯೋಕೆ ಬಿಡಲಿಲ್ಲ. ವೀಲ್‌ಚೇರ್ ಬಂತು. "ಇನ್ನು ಒಂದು ಹೆಜ್ಜೆಯೂ ಬೇಡ, ಗೊತ್ತಾಗೋವರೆಗೂ ಮುರಿದಿದೆ ಅಂತಲೇ ಇಟ್ಕೊಳ್ಳೋಣ" ಅಂದರು. ನಡೆಯುತ್ತಲೇ ಒಳಗೆ ಬಂದವಳನ್ನು ಕುರ್ಚಿಯಲ್ಲಿ ಕೂರಿಸಿದಾಗ ಅಮ್ಮನಿಗೆ ನಗು. ನನಗೆ ನಗು ಬರಲಿಲ್ಲ.

ಎಕ್ಸ್‌ರೇ ಮತ್ತೆ ತೆಗೆದರು. ಈ ಸಲ ಪಾದ ಒಳಕ್ಕೆ ತಿರುಗಿಸಿ ಒಂದು, ಪಕ್ಕದಿಂದ ಇನ್ನೊಂದು. ಡಾಕ್ಟರು ಬಹಳ ಹೊತ್ತು ನೋಡಿದರು. ಕತ್ತಿನ ಮೇಲಂಚಿನಲ್ಲಿ ಏನೋ ಸುಕ್ಕಿದ ಹಾಗಿದೆ, ಖಾತ್ರಿಯಿಲ್ಲ ಅಂದರು. ಎಂಆರ್‌ಐ ಮಾಡಿಸಬೇಕು ಅಂದರು.

ತಮ್ಮ ಫೋನಿನಲ್ಲಿ ಸಿಟಿ ಸ್ಕ್ಯಾನ್ ಸಾಲದಾ, ಬೇಗ ಆಗುತ್ತಲ್ಲ ಅಂದ. ನಾನು ಅದನ್ನೇ ಕೇಳಿದೆ. ಡಾಕ್ಟರು ಹೇಳಿದ್ದು ನನಗೆ ಅರ್ಥವಾದ ಮಟ್ಟಿಗೆ ಹೀಗೆ. ಎಕ್ಸ್‌ರೇ, ಸಿಟಿ ಎರಡೂ ನೋಡೋದು ಮೂಳೆಯ ಗಟ್ಟಿ ಭಾಗವನ್ನು, ಸುಣ್ಣವನ್ನು. ವಯಸ್ಸಾದವರ ಮೂಳೆಯಲ್ಲಿ ಆ ಸುಣ್ಣವೇ ಕಡಿಮೆ. ಬಿರುಕಿನ ಎರಡು ದಡವೂ ಒಂದಕ್ಕೊಂದು ಅಂಟಿಕೊಂಡಿದ್ದರೆ ಎಕ್ಸ್‌ರೇಗೆ ಅದು ಗೆರೆಯೇ ಅಲ್ಲ. ಸಿಟಿ ಅದಕ್ಕಿಂತ ಚೆನ್ನಾಗಿ ತೋರಿಸುತ್ತೆ, ಆದರೂ ಕೆಲವು ತಪ್ಪಿಹೋಗುತ್ತವೆ. ಎಂಆರ್‌ಐ ನೋಡೋದು ಮೂಳೆಯೊಳಗಿನ ಮಜ್ಜೆಯನ್ನು. ಬಿರುಕು ಬಿಟ್ಟ ಜಾಗದಲ್ಲಿ ಮಜ್ಜೆಗೆ ರಕ್ತ, ನೀರು ಸೇರಿಕೊಂಡಿರುತ್ತೆ. ಗೆರೆ ಕೂದಲಷ್ಟಿದ್ದರೂ ಆ ಒದ್ದೆ ಅಡಗಲ್ಲ. ಬಿದ್ದ ಮೊದಲ ದಿನವೇ ಅದು ಕಾಣುತ್ತೆ. ಪೇಸ್‌ಮೇಕರ್ ಇದ್ದು ಎಂಆರ್‌ಐ ಆಗದಿದ್ದರೆ, ಅಥವಾ ಒಂದು ದಿನದೊಳಗೆ ಸಿಗದಿದ್ದರೆ ಸಿಟಿ ಮಾಡಿಸ್ತೀನಿ ಅಂದರು. ಸೊಂಟದ ಮೂಳೆ ಮುರಿದ ನೂರು ಜನರಲ್ಲಿ 2ರಿಂದ 10 ಜನಕ್ಕೆ ಮೊದಲ ಎಕ್ಸ್‌ರೇ ಸರಿಯಾಗೇ ಇರುತ್ತಂತೆ.

"ಕತ್ತೇ ಮುರಿದಿದೆ ಅಂತ ಇಲ್ಲ" ಅಂತಲೂ ಹೇಳಿದರು. ಮುಂದಿನ ಜಘನದ ಎಲುಬಿನಲ್ಲಿ ಬಿರುಕಿದ್ದರೂ ನೋವು ತೊಡೆಸಂದಿಯಲ್ಲೇ ಬರುತ್ತೆ. ಹಾಗಿದ್ದರೆ ಆಪರೇಷನ್ ಬೇಡ, ನೋವಿನ ಮಾತ್ರೆ ಕೊಟ್ಟು ನಡೆಸುತ್ತಾರೆ. ಬರೀ ಮಾಂಸಖಂಡ ಹರಿದಿರಲೂಬಹುದು. ಮೂರಕ್ಕೂ ಮಾಡಬೇಕಾದ್ದು ಬೇರೆ ಬೇರೆ. ಊಹೆಯ ಮೇಲೆ ಹಾಸಿಗೆಗೆ ಹಾಕೋದೂ ತಪ್ಪು, ಊಹೆಯ ಮೇಲೆ ನಡೆಸೋದೂ ತಪ್ಪು.

ಸಂಜೆ ಎಂಆರ್‌ಐ ಆಯಿತು. ಬಳೆ, ಓಲೆ, ಕಟ್ಟಿಸಿದ ಹಲ್ಲು ಎಲ್ಲ ತೆಗೆದರು. ಇಪ್ಪತ್ತು ನಿಮಿಷ. ಅಮ್ಮನಿಗೆ ಯಂತ್ರದ ಸದ್ದಿಗಿಂತ, ಆ ಗಟ್ಟಿ ಹಲಗೆಯ ಮೇಲೆ ಕಾಲು ಚಾಚಿ ಅಲುಗಾಡದೆ ಮಲಗೋದೇ ಕಷ್ಟವಾಯಿತು.

ಡಾಕ್ಟರು ಕಂಪ್ಯೂಟರಿನಲ್ಲಿ ಎರಡು ಚಿತ್ರ ಅಕ್ಕಪಕ್ಕ ಇಟ್ಟು ತೋರಿಸಿದರು. ಎಡಗಡೆ ಆ ಬೆಳಗಿನ ಎಕ್ಸ್‌ರೇ. ಬಲಗಡೆ ಎಂಆರ್‌ಐ. ಎಕ್ಸ್‌ರೇಯಲ್ಲಿ ಕತ್ತು ಬೂದು ಬಣ್ಣಕ್ಕೆ, ನುಣ್ಣಗೆ. ಎಂಆರ್‌ಐನಲ್ಲಿ ಅದೇ ಕತ್ತಿಗೆ ಅಡ್ಡಲಾಗಿ ಒಂದು ಕಪ್ಪು ಗೆರೆ, ಸ್ವಲ್ಪ ಅಂಕುಡೊಂಕು, ಮೇಲಂಚಿನಿಂದ ಕೆಳಗಿನವರೆಗೆ. ಇನ್ನೊಂದು ಬಗೆಯ ಚಿತ್ರದಲ್ಲಿ ಅದರ ಸುತ್ತ ಬೆಳ್ಳಗೆ ಹರಡಿಕೊಂಡಿತ್ತು, ಶಾಯಿ ಇಂಗಿದ ಕಾಗದದ ಹಾಗೆ. ನನಗೆ ಓದೋಕೆ ಬರಲ್ಲ, ಆದರೂ ಕಂಡಿತು. ಎಂಟು ದಿನದಿಂದ ಅದು ಅಲ್ಲೇ ಇತ್ತು.

"ಮತ್ತೆ ಹೇಗೆ ನಡೆದಳು ಡಾಕ್ಟ್ರೇ?" ಅಂತ ಕೇಳಿದೆ. ಮುರಿದ ತುದಿಗಳು ನುಣ್ಣಗಿರಲ್ಲ, ಗರಗಸದ ಹಲ್ಲಿನ ಹಾಗಿರುತ್ತವೆ. ಒಂದರ ಹಲ್ಲು ಇನ್ನೊಂದರಲ್ಲಿ ಕಚ್ಚಿಕೊಂಡಿದ್ದರೆ ಅಲ್ಪ ಸ್ವಲ್ಪ ಭಾರ ತಡೆಯುತ್ತೆ. ಆ ಹಿಡಿತ ಎಷ್ಟು ದಿನ, ಎಷ್ಟು ಹೆಜ್ಜೆ ಅಂತ ಯಾರಿಗೂ ಹೇಳೋಕೆ ಬರಲ್ಲ. ಒಂದು ಸಲ ತಿರುಗಿ ನಿಂತಾಗ ಬಿಟ್ಟುಹೋಗಬಹುದು.

ಬಿಟ್ಟುಹೋದರೆ ಬರೀ ನೋವು ಜಾಸ್ತಿಯಾಗೋ ವಿಷಯವಲ್ಲ. ಮೂಳೆಯ ಗುಂಡಿಗೆ ರಕ್ತ ಹೋಗೋದು ಕತ್ತಿನ ಮೇಲೆ ಹಬ್ಬಿಕೊಂಡು ಹೋಗುವ ಸಣ್ಣ ನಾಳಗಳಿಂದ. ಕತ್ತು ಸರಿದರೆ ಆ ನಾಳಗಳು ಕಿತ್ತುಹೋಗಬಹುದು, ಗುಂಡು ಒಣಗಬಹುದು. ಹಾಗಾದ ಮೇಲೆ ಈ ವಯಸ್ಸಿನಲ್ಲಿ ಮೂಳೆ ಕೂಡಿಸೋ ಮಾತಿಲ್ಲ. ಗುಂಡನ್ನೇ ತೆಗೆದು ಲೋಹದ್ದು ಹಾಕಬೇಕು. ಸರಿಯದೆ ಇರುವಾಗ ಸಿಕ್ಕರೆ ಅವಳದೇ ಗುಂಡು ಉಳಿಸಿಕೊಂಡು ಮೂರು ಸ್ಕ್ರೂ ಹಾಕಿ ಹಿಡಿಸಬಹುದು. ನಮಗೆ ಆ ಎರಡನೇ ದಾರಿ ಇನ್ನೂ ತೆರೆದಿತ್ತು. ನಾನು ಸಂಜೆ ನಾಲ್ಕು ಸುತ್ತು ನಡೆಸುತ್ತಿದ್ದರೂ ತೆರೆದಿತ್ತು. ಅದು ನಮ್ಮ ಜಾಣತನ ಅಲ್ಲ.

ಸುಮ್ನೆ ಮಲಗಿಸಿದರೆ ತಾನೇ ಕೂಡಲ್ವಾ ಅಂತ ತಮ್ಮ ಕೇಳಿದ. ಕೂಡಬಹುದು. ಆದರೆ ಮಲಗಿಸಿದರೂ ಹಲವರಿಗೆ ಸರಿದುಬಿಡುತ್ತೆ. ಸರಿಯದಿದ್ದರೂ ವಾರಗಟ್ಟಲೆ ಮಲಗಿದ ಮುದುಕರಿಗೆ ಬೆನ್ನು ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೋದು, ಎದೆಯಲ್ಲಿ ಕಫ. ಸ್ಕ್ರೂ ಹಾಕೋದರಲ್ಲೂ ಗ್ಯಾರಂಟಿ ಇಲ್ಲ ಅಂತ ಡಾಕ್ಟರು ಮುಚ್ಚಿಡದೆ ಹೇಳಿದರು. ಹತ್ತರಲ್ಲಿ ಒಬ್ಬಿಬ್ಬರಿಗೆ ಆಮೇಲೆ ಇನ್ನೊಂದು ಆಪರೇಷನ್ ಬೇಕಾಗುತ್ತೆ. ಅದಕ್ಕೇ ಕೆಲವರು ಮೊದಲೇ ಅರ್ಧ ಕೀಲು ಬದಲಿಸಿಬಿಡ್ತಾರೆ. ಅಮ್ಮನಿಗೆ ಕೇಳಿದರು. "ಚಿಕ್ಕದು ಯಾವುದೋ ಅದನ್ನ ಮಾಡಿ" ಅಂದಳು.

ರಾತ್ರಿಯೇ ಸೇರಿಸಿಕೊಂಡರು. ರಕ್ತ ಪರೀಕ್ಷೆ ಬಂದಾಗ ಇನ್ನೊಂದು ಹೊರಬಿತ್ತು. ಮೂತ್ರಪಿಂಡ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಆರು ತಿಂಗಳ ಹಿಂದೆ ಅಮ್ಮನಿಗೆ 1.0 ಇತ್ತು. ಈಗ 1.6. ಐದು ದಿನದ ಆ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ತಟ್ಟಿತ್ತು. ಬಾತ್‌ರೂಮಿಗೆ ನಡೆಯೋಕೆ ನೋವು ಅಂತ ಅವಳು ನೀರನ್ನೂ ಕಡಿಮೆ ಕುಡಿಯುತ್ತಿದ್ದಳಂತೆ. ಅದೂ ಸೇರಿತ್ತು. ಆ ಮಾತ್ರೆ ನಿಲ್ಲಿಸಿ ಡ್ರಿಪ್ ಹಾಕಿದರು. ನೋವಿಗೆ ಪ್ಯಾರಸಿಟಮಾಲ್ ಕೊಟ್ಟು, ಜೊತೆಗೆ ಅರಿವಳಿಕೆ ಡಾಕ್ಟರು ಬಂದು ತೊಡೆಸಂದಿಯ ಹತ್ತಿರ ಒಂದು ಇಂಜೆಕ್ಷನ್ ಕೊಟ್ಟರು. ಸ್ಕ್ಯಾನ್ ನೋಡಿಕೊಂಡು ನರದ ಪಕ್ಕಕ್ಕೇ ಮದ್ದು ಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಅಮ್ಮ ಮಗ್ಗುಲು ಬದಲಿಸಿದಳು. ಆ "ಹ್ಞಾ" ಕೇಳಿಸಲಿಲ್ಲ.

ಬುಧವಾರ ಬೆಳಗ್ಗೆ ಆಪರೇಷನ್. ಬೆನ್ನಿಗೆ ಅರಿವಳಿಕೆ. ತೊಡೆಯ ಹೊರಗಡೆ ಎರಡು ಬೆರಳಗಲ ಗಾಯ. ಎಕ್ಸ್‌ರೇ ನೋಡುತ್ತಾ ಮೊದಲು ತಂತಿ ತೂರಿಸಿ, ಅದರ ಮೇಲೆ ಒಳಗೆ ಟೊಳ್ಳಿರುವ ಸ್ಕ್ರೂ ತಿರುಗಿಸುತ್ತಾರೆ. ಕೆಳಗೊಂದು, ಮೇಲೆರಡು, ತಲೆಕೆಳಗಾದ ತ್ರಿಕೋನದ ಹಾಗೆ. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ.

ಆಪರೇಷನ್ನಿಗಿಂತ ಆವತ್ತಿನ ರಾತ್ರಿ ನನಗೆ ಕಷ್ಟವಾದದ್ದು. ಎರಡು ಗಂಟೆಗೆ ಅಮ್ಮ ಎದ್ದು ಕೂತು, ಸತ್ತು ಹನ್ನೆರಡು ವರ್ಷವಾದ ಅಪ್ಪನನ್ನು ಬಾಗಿಲು ತೆಗೆಯಿರಿ ಅಂತ ಕರೆದಳು. ಡ್ರಿಪ್ ಕಿತ್ತುಕೊಳ್ಳೋಕೆ ಹೋದಳು. ನನಗೆ ಕೈಕಾಲು ತಣ್ಣಗಾಯಿತು. ನರ್ಸ್ ಬಂದು ದೀಪ ಹಾಕಿ, ಕನ್ನಡಕ ಹಾಕಿಸಿ, ಇವತ್ತು ಯಾವ ದಿನ, ಎಲ್ಲಿದ್ದೀರಿ ಅಂತ ನಿಧಾನಕ್ಕೆ ಮಾತಾಡಿಸಿದರು. ಈ ವಯಸ್ಸಿನವರಿಗೆ ಹೀಗಾಗುತ್ತೆ, ಮೂತ್ರ ಕಟ್ಟಿದೆಯಾ, ಜ್ವರ ಇದೆಯಾ, ನೋವಿದೆಯಾ ಅಂತ ನೋಡಬೇಕು ಅಂದರು. ಮೂರನೇ ದಿನಕ್ಕೆ ತಿಳಿಯಾದಳು. ಇದನ್ನು ಯಾರಾದರೂ ಮುಂಚೆ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಫಿಸಿಯೋಥೆರಪಿಯವರು ವಾಕರ್ ತಂದು ನಿಲ್ಲಿಸಿಬಿಟ್ಟರು. ನಾನು ಅಡ್ಡ ನಿಂತೆ. ಮೊನ್ನೆ ತಾನೇ ಒಂದು ಹೆಜ್ಜೆಯೂ ಬೇಡ ಅಂದವರು! "ಈಗ ಸ್ಕ್ರೂ ಹಿಡಿದಿದೆ. ತಡೆಯುವಷ್ಟು ಭಾರ ಹಾಕಲಿ" ಅಂದರು. ವಾರ್ಡಿನ ಬಾಗಿಲವರೆಗೆ ಹೋಗಿ ಬಂದಳು. ಅದೇ ಪುಟ್ಟ ಹೆಜ್ಜೆ. ಆದರೆ ಈ ಸಲ ಬಲಗಾಲು ಊರಿ ನಿಲ್ಲುತ್ತಿತ್ತು.

ಮೂಳೆಯ ವಿಚಾರವನ್ನು ಬೇರೆಯಾಗಿ ನೋಡಿದರು. ಒಂದೂವರೆ ಅಡಿಯಿಂದ ಬಿದ್ದು ಮುರಿಯುತ್ತೆ ಅಂದರೆ ಅದು ಬಿದ್ದದ್ದರ ತಪ್ಪಲ್ಲ, ಮೂಳೆಯ ತಪ್ಪು. ವಿಟಮಿನ್ ಡಿ ತೀರಾ ಕಡಿಮೆ ಇತ್ತು. ಮೂಳೆ ಸವೆಯೋದನ್ನು ತಡೆಯೋಕೆ ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಝೋಲೆಡ್ರೋನಿಕ್ ಆಸಿಡ್ ಬೇಕು ಅಂದರು, ಆದರೆ ಆಗಲೇ ಕೊಡಲಿಲ್ಲ. ಮೂತ್ರಪಿಂಡ ಸುಧಾರಿಸಬೇಕು, ವಿಟಮಿನ್ ಡಿ ಮೊದಲು ಏರಬೇಕು, ಇಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ಕುಸಿಯುತ್ತೆ. ಏಳನೇ ವಾರಕ್ಕೆ ಕ್ರಿಯಾಟಿನಿನ್ 1.1ಕ್ಕೆ ಬಂತು. ಆಮೇಲೆ ಕೊಟ್ಟರು. ಮಾರನೇ ದಿನ ಜ್ವರ, ಮೈ ಕೈ ನೋವು. ಮೊದಲ ಸಲ ಹಾಗಾಗುತ್ತೆ ಅಂತ ಈ ಸಲ ಮುಂಚೆಯೇ ಹೇಳಿದ್ದರು.

ಈಗ ಹತ್ತು ತಿಂಗಳು. ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಎಕ್ಸ್‌ರೇ ಆಗಿದೆ. ಗೆರೆ ಕೂಡಿಕೊಂಡಿದೆ. ಗುಂಡು ಗುಂಡಾಗೇ ಇದೆ. ಅದು ಒಣಗೋದಿದ್ದರೆ ಎರಡು ವರ್ಷದವರೆಗೂ ಗೊತ್ತಾಗುತ್ತಾ ಹೋಗಬಹುದು, ಹಾಗಾಗಿ ಇನ್ನೂ ಬರಬೇಕು ಅಂದಿದ್ದಾರೆ. ತೊಡೆಸಂದಿಯಲ್ಲಿ ನೋವು ಮತ್ತೆ ಶುರುವಾದರೆ ದಿನ ನೋಡದೆ ಬರಬೇಕು.

ಕೂಡುವಾಗ ಕತ್ತು ಸ್ವಲ್ಪ ಕುಗ್ಗಿದೆ. ಅದರಿಂದ ಒಂದು ಸ್ಕ್ರೂ ನಾಲ್ಕು ಮಿಲಿಮೀಟರ್ ಹೊರಕ್ಕೆ ಬಂದಿದೆ. ತೊಡೆಯ ಪಕ್ಕ ಕೈಯಿಟ್ಟರೆ ತಲೆ ಸಿಗುತ್ತೆ. ಬಲ ಮಗ್ಗುಲಿಗೆ ಮಲಗಿದರೆ ಚುಚ್ಚುತ್ತೆ ಅಂತ ಅಮ್ಮ ದಿನಾ ಗೊಣಗುತ್ತಾಳೆ. ಪೂರ್ತಿ ಗಟ್ಟಿಯಾಗಲಿ, ಒಂದು ವರ್ಷದ ಎಕ್ಸ್‌ರೇ ನೋಡಿ ಬೇಕಿದ್ದರೆ ಅದೊಂದನ್ನು ತೆಗೆಯೋಣ ಅಂತ ಡಾಕ್ಟರು. "ತೆಗೆಯುವಾಗ ಎಂಆರ್‌ಐ ಬೇಡ ಅನ್ನು, ಆ ಹಲಗೆ ಮೇಲೆ ನಾನು ಮಲಗಲ್ಲ" ಅಂತ ಅಮ್ಮ. ಬೇಡಮ್ಮ, ಇದು ಎಕ್ಸ್‌ರೇಯಲ್ಲೇ ಚೆನ್ನಾಗಿ ಕಾಣುತ್ತೆ ಅಂದೆ.